ಮೊದಲ ಮೆಸೇಜಿನ ನಾಲ್ಕನೆಯ ಸಾಲು

ಪಾಸಪ್ಪನ ಮೇಜಿನ ಮೇಲಿಟ್ಟರೆ ಗೋಡೆಯ ಸುಣ್ಣವೂ ಮಾತ್ರೆಯೆಂದು ಪಾಸಾಗುತ್ತದೆ ಎಂಬ ಮಾತು ಆ ಔಷಧ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಓಡಾಡಿತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಮಾಲೀಕನವರೆಗೆ ಎಲ್ಲರ ಬಾಯಲ್ಲೂ ಅವನು ಪಾಸಪ್ಪನೇ. ಬೇರೆ ಯಾರಾದರೂ ಆಗಿದ್ದರೆ ಈ ಹೆಸರಿಗೆ ಮುಖ ಗಂಟಿಕ್ಕುತ್ತಿದ್ದರೇನೋ. ನಮ್ಮವನು ಅದನ್ನು ಬಿರುದಿನಂತೆ ಹೊತ್ತು ತಿರುಗಿದ. ಗುಣಮಟ್ಟದ ಲ್ಯಾಬಿನಲ್ಲಿ ಅವನು ಬಿಳಿ ಕೋಟು ತೊಟ್ಟು ನಿಂತರೆ ಸೀಸೆಗಳು ತಾವಾಗಿ ಸಾಲುಗಟ್ಟುತ್ತಿದ್ದವು, ತಕ್ಕಡಿ ಉಸಿರು ಬಿಗಿಹಿಡಿಯುತ್ತಿತ್ತು, ಮಾತ್ರೆ ಅಳೆಯುವ ಕಂಪ್ಯೂಟರೇ ಅವನ ಮುಖ ನೋಡಿ ಅಂಕಿ ಹೇಳುತ್ತಿತ್ತು.

ಅಂಥ ಕಾರ್ಖಾನೆಗೆ ಮಾಲೀಕ ಒಂದು ಸೋಮವಾರ ಬೀಗ ಜಡಿದ. ಅಲ್ಲಿಂದ ಏಳು ತಿಂಗಳು ಪಾಸಪ್ಪ ಮನೆಯಲ್ಲಿ ಕೂತ. ಕೂತ ಎಂದರೆ ಹೇಗೆ? ಸೋಫಾದ ಸ್ಪಂಜು ಅವನ ಆಕಾರಕ್ಕೇ ತಗ್ಗಿಹೋಗಿ, ಅವನು ಎದ್ದ ಮೇಲೂ ಅಲ್ಲೊಬ್ಬ ಪಾಸಪ್ಪ ಕೂತಿದ್ದಾನೆ ಎನ್ನಿಸುತ್ತಿತ್ತು. ಅರವತ್ತೆರಡು ಕಂಪನಿಗಳಿಗೆ ಅರ್ಜಿ ಹಾಕಿದ. ಅರವತ್ತೊಂದು ಕಂಪನಿಗಳು ಉತ್ತರವನ್ನೇ ಕೊಡಲಿಲ್ಲ. ಒಂದು ಕಂಪನಿ ಮಾತ್ರ ಕೊಟ್ಟಿತು. ಅದು ಅವನನ್ನು 'ಪ್ರಿಯ ಮೇಡಂ' ಎಂದು ಕರೆದಿತ್ತು. ವಯಸ್ಸು ನಲವತ್ತರ ಹೊಸ್ತಿಲು ದಾಟಿತ್ತು. ಹೆಂಡತಿ ಹಲ್ಲಿನ ಆಸ್ಪತ್ರೆಯೊಂದರ ಮುಂದಿನ ಮೇಜಿನಲ್ಲಿ ಕೂತು, ದವಡೆ ಊದಿಸಿಕೊಂಡು ಬಂದವರಿಗೆ ಚೀಟಿ ಬರೆದುಕೊಟ್ಟು ಮನೆ ನಡೆಸುತ್ತಿದ್ದಳು.

"ಭಾವ, ಅರ್ಜಿ ಹಾಕೋ ಕಾಲ ಹೋಯ್ತು," ಎಂದ ಹೆಂಡತಿಯ ತಮ್ಮ. ಅವನು ಜನರನ್ನು ಕೆಲಸಕ್ಕೆ ಸೇರಿಸುವ ಏಜೆನ್ಸಿಯವನು. ಮದುವೆ ಮನೆಗೆ ಹೋದರೂ ವರನನ್ನು 'ಕ್ಯಾಂಡಿಡೇಟ್' ಎನ್ನುವ ಪೈಕಿ. "ಈಗೇನಿದ್ರೂ ಒಳಗಿರೋರು ಕೈ ಹಿಡಿದು ಎಳ್ಕೋಬೇಕು. ಲಿಂಕ್ಡ್‌ಇನ್‌ನಲ್ಲಿ ಇದ್ದೀಯಾ?"

"ಇದ್ದೀನಿ ಕಣೋ."

ಭಾವಮೈದ ಉದ್ಯೋಗಸ್ಥರ ಆ ಜಾಲತಾಣ ತೆರೆದು ನೋಡಿದ. ಇದ್ದ, ನಿಜ. ಫೋಟೋದಲ್ಲಿ ಅರ್ಧ ಮುಖ, ಭುಜದ ಮೇಲೆ ಯಾರದೋ ಬಳೆ ತೊಟ್ಟ ಕೈ.

"ಇದ್ಯಾರ ಕೈ?"

"ನಿನ್ನ ಅಕ್ಕಂದೇ. ನಿನ್ನ ಮದುವೇಲಿ ತೆಗೆದಿದ್ದು. ಅವಳನ್ನ ಕತ್ತರಿಸಿ ಹಾಕಿದೀನಿ."

"ಅದು ಅವಳಿಗೆ ಗೊತ್ತಾ?" ಎಂದು ಅಡುಗೆಮನೆ ಕಡೆ ಕಣ್ಣು ಹಾಯಿಸಿ ಭಾವಮೈದ ದನಿ ತಗ್ಗಿಸಿದ.

ಬೇಕಿದ್ದ ಕಂಪನಿ ಒಂದೇ. ಊರಾಚೆ, ಮೋಡ ಮುಟ್ಟುವ ಗಾಜಿನ ಗೋಡೆಗಳ ದೊಡ್ಡ ಔಷಧ ಕಂಪನಿ. ಅಲ್ಲಿನ ಲ್ಯಾಬಿಗೆ ಹಿರಿಯ ಪರೀಕ್ಷಕ ಬೇಕೆಂದು ಜಾಹೀರಾತು ಬಂದಿತ್ತು. ಮುಂದಿನ ವಾರದ ಶುಕ್ರವಾರ ಕೊನೆ ದಿನ. ಆಗಲೇ ನೂರಕ್ಕೂ ಹೆಚ್ಚು ಅರ್ಜಿ ಬಿದ್ದಿವೆ ಎಂದು ಜಾಹೀರಾತಿನ ಕೆಳಗೇ ತೋರಿಸುತ್ತಿತ್ತು. ಭಾವಮೈದ ಪಾಸಪ್ಪ ಓದಿದ ಕಾಲೇಜಿನ ಪುಟ ತೆರೆದ, ಹಳೆಯ ವಿದ್ಯಾರ್ಥಿಗಳ ಪಟ್ಟಿಗೆ ಹೋದ, 'ಎಲ್ಲಿ ಕೆಲಸ ಮಾಡುತ್ತಾರೆ' ಎಂಬಲ್ಲಿ ಆ ಕಂಪನಿಯನ್ನು ಒತ್ತಿದ. ಮೂವರು ಸಿಕ್ಕರು. ಒಬ್ಬ ಮಾರಾಟದವನು, ಒಬ್ಬ ಉಗ್ರಾಣದವನು. ಮೂರನೆಯವಳನ್ನು ಕಂಡದ್ದೇ ಪಾಸಪ್ಪ ಸೋಫಾದಿಂದ ಏಳು ತಿಂಗಳಲ್ಲಿ ಮೊದಲ ಬಾರಿಗೆ ಸ್ವಂತ ಬಲದಿಂದ ಎದ್ದ.

"ಇವಳು ನನ್ನ ಸೀನಿಯರ್ ಕಣೋ! ನಾನು ಮೊದಲ ವರ್ಷ, ಇವಳು ಕೊನೇ ವರ್ಷ. ಒಂದೇ ಲ್ಯಾಬು. ಬ್ಯೂರೆಟ್ ಮೇಷ್ಟ್ರ ಶಿಷ್ಯೆ."

ಬ್ಯೂರೆಟ್ ಎಂದರೆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಗಾಜಿನ ಕೊಳವೆ. ಮೇಷ್ಟ್ರು ಅದರಷ್ಟೇ ಸಪೂರ, ಅದರಷ್ಟೇ ನೆಟ್ಟಗೆ. ಮಾತೂ ಹನಿಹನಿಯಾಗಿಯೇ ಬೀಳುತ್ತಿತ್ತು. ಆ ಸೀನಿಯರ್ ಈಗ ಕಂಪನಿಯ ಇಡೀ ಗುಣಮಟ್ಟ ವಿಭಾಗದ ಮುಖ್ಯಸ್ಥೆ.

ಕನೆಕ್ಷನ್ ಕೋರಿಕೆಯ ಜೊತೆ ಇನ್ನೂರು ಅಕ್ಷರದೊಳಗೆ ಒಂದು ಚುಟುಕು ಬರೆಯಬಹುದಿತ್ತು. 'ನಾನೂ ಬ್ಯೂರೆಟ್ ಮೇಷ್ಟ್ರ ಲ್ಯಾಬಿನವನು, ನಿಮಗಿಂತ ಎರಡು ವರ್ಷ ಕಿರಿಯ, ಸಂಪರ್ಕದಲ್ಲಿರುವ ಆಸೆ' ಎಂದಷ್ಟೇ ಬರೆಸಿ ಭಾವಮೈದ ಕಳಿಸಿಬಿಟ್ಟ. ಆಮೇಲೆ ಎಂಟು ದಿನ ಅದು 'ಬಾಕಿ' ಎಂದೇ ತೋರಿಸಿತು. ಆ ಎಂಟು ದಿನದಲ್ಲಿ ಪಾಸಪ್ಪ ಫೋನಿನ ಗಾಜನ್ನು ಎಷ್ಟು ಸಲ ಉಜ್ಜಿದನೆಂದರೆ, ಬೆರಳ ಗುರುತು ಸವೆದುಹೋಗಿ ಕೊನೆಗೆ ಫೋನೇ ಅವನನ್ನು ಗುರುತಿಸಲು ನಿರಾಕರಿಸಿತು.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಆಕೆ ಒಪ್ಪಿಕೊಂಡಳು.

"ಈಗ ಕೇಳು ಭಾವ," ಭಾವಮೈದ ಫೋನಿನಲ್ಲೇ ಪಾಠ ಶುರುಮಾಡಿದ. "ಮೊದಲ ಮೆಸೇಜು ಅಂದ್ರೆ ಹೊಸ ಸೊಸೆ ಮೊದಲ ದಿನ ಅಡುಗೆಮನೆಗೆ ಕಾಲಿಟ್ಟ ಹಾಗೆ. ಎಲ್ಲ ಡಬ್ಬಿ ತೆಗೀಬಾರದು. ಮೂರೇ ಸಾಲು. ಒಂದು, ಥ್ಯಾಂಕ್ಸ್. ಎರಡು, ಇಬ್ರಿಗೂ ಗೊತ್ತಿರೋದು ಏನಾದ್ರೂ, ಕಾಲೇಜು, ಮೇಷ್ಟ್ರು. ಮೂರು, ನಿಮ್ಮ ವಿಭಾಗದಲ್ಲಿ ಕೆಲಸ ಹೇಗಿರತ್ತೆ ಅಂತ ತಿಳ್ಕೋಬೇಕು, ಹದಿನೈದು ನಿಮಿಷ ಸಿಗಬಹುದಾ. ಅಷ್ಟೇ. ಕೆಲಸ ಕೇಳಬೇಡ. ನನ್ನ ಹೆಸರು ಒಳಗೆ ಕೊಡಿ, ರೆಫರಲ್ ಮಾಡಿ ಅನ್ನೋ ಮಾತೇ ಬೇಡ. ರೆಸ್ಯೂಮೆ ಅಂಟಿಸ್ಲೇಬೇಡ."

"ಕೆಲಸ ಕೇಳದೆ ಕೆಲಸ ಹೇಗೋ ಸಿಗತ್ತೆ?"

"ಅವಳೇ ಕೇಳ್ತಾಳೆ, ನೀವೇನ್ ಮಾಡ್ತಿದೀರಿ ಅಂತ. ಆಗ ಹೇಳು. ಹಸಿದೋನು ಎಲೆ ಹಾಕೋಕೆ ಮುಂಚೆ ಕೈ ತೊಳ್ಕೊಂಡು ಕೂರಬಾರದು."

ಪಾಸಪ್ಪ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತ. ಮೊದಲ ಪದಕ್ಕೇ ಅರ್ಧ ಗಂಟೆ ಹೋಯಿತು. ಕಾಲೇಜಿನಲ್ಲಿ 'ಅಕ್ಕ' ಎನ್ನುತ್ತಿದ್ದ. ಈಗ ಅಕ್ಕ ಎಂದರೆ ಸಲಿಗೆ, ಮೇಡಂ ಎಂದರೆ ಭಿಕ್ಷೆ, ಬರೀ ಹೆಸರು ಬರೆದರೆ ದುರಹಂಕಾರ.

"ಏನಂತ ಕರೀಲೇ?" ಎಂದು ಹೆಂಡತಿಯನ್ನು ಕೇಳಿದ.

"ನೀವು ನನ್ನನ್ನ ಇಪ್ಪತ್ತು ವರ್ಷದಿಂದ 'ಏ' ಅಂತ ಕರೀತಿದೀರಿ. ನನ್ನನ್ನ ಕೇಳ್ತೀರಲ್ಲ," ಎಂದಳು ಅವಳು, ಪಾತ್ರೆ ಒರೆಸುತ್ತ.

ಮೇಡಂ ಎಂದೇ ಆಯಿತು. ಮೂರು ಸಾಲೂ ಭಾವಮೈದ ಹೇಳಿದಂತೆಯೇ ಬಂದವು. ಮೇಷ್ಟ್ರ ಹೆಸರು ಎರಡನೆಯ ಸಾಲಿನಲ್ಲಿ ಘನವಾಗಿ ಕೂತಿತು. ಓದಿ ನೋಡಿದ. ಎಲ್ಲವೂ ಸರಿಯಾಗಿತ್ತು, ಅದೇ ಅವನಿಗೆ ಸರಿಕಾಣಲಿಲ್ಲ. ಇದನ್ನು ಯಾರು ಬೇಕಾದರೂ ಬರೆಯಬಹುದು. ನೂರು ಜನರಲ್ಲಿ ನೂರೂ ಜನ ಬರೆಯುತ್ತಾರೆ. ಇದರಲ್ಲಿ ಪಾಸಪ್ಪ ಎಲ್ಲಿದ್ದಾನೆ? ಹನ್ನೊಂದು ವರ್ಷ ಎಲ್ಲಿದೆ? ಏಳು ತಿಂಗಳಿಂದ ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಕೇಳದೆ ಹೇಳುವ ಆಸೆ ಗಂಟಲವರೆಗೆ ತುಂಬಿ ಬೆರಳಿಗೆ ಇಳಿಯಿತು. ನಾಲ್ಕನೆಯ ಸಾಲು ಬರೆದ:

'ಹನ್ನೊಂದು ವರ್ಷದಲ್ಲಿ ನನ್ನ ಮೇಜಿನ ಮೇಲೆ ಮೂರು ಸಾವಿರಕ್ಕೂ ಹೆಚ್ಚು ಬ್ಯಾಚ್‌ಗಳು ಪರೀಕ್ಷೆಯಾಗಿವೆ. ಒಂದೂ ಫೇಲ್ ಆಗಿಲ್ಲ.'

ಕಳಿಸಿದ. ಕಳಿಸಿ ಎದ್ದು ನಿಂತು ಕನ್ನಡಿಯಲ್ಲಿ ಮುಖ ನೋಡಿಕೊಂಡ. ಮುಖಕ್ಕೆ ಏಳು ತಿಂಗಳ ಹಿಂದಿನ ಬಣ್ಣ ವಾಪಸು ಬಂದಿತ್ತು.

ಹತ್ತು ನಿಮಿಷಕ್ಕೆ ಮೆಸೇಜಿನ ಕೆಳಗೆ ಆಕೆಯ ಪುಟ್ಟ ಫೋಟೋ ಮೂಡಿತು. ಓದಿದ್ದಾಳೆ. ಉತ್ತರವಿಲ್ಲ. ಅರ್ಧ ಗಂಟೆ. ಹೆಂಡತಿ ಸ್ನಾನಕ್ಕೆ ಹೋಗಿ ಬಂದಳು. ಆಗ ಬಂತು, ಎರಡೇ ಪದ:

'ಒಂದೂ ಇಲ್ಲವಾ?'

ಪಾಸಪ್ಪ ಕುರ್ಚಿಯಿಂದ ಒಂದಡಿ ಮೇಲೆ ಹಾರಿದ. ಬೆರಗಾಗಿ ಕೇಳುತ್ತಿದ್ದಾಳೆ! ನಂಬಲಾಗುತ್ತಿಲ್ಲ ಅವಳಿಗೆ! ಅವಸರ ಅವಸರವಾಗಿ ಕುಟ್ಟಿದ: 'ಒಂದೂ ಇಲ್ಲ ಮೇಡಂ. ಯಾರನ್ನು ಬೇಕಾದರೂ ಕೇಳಿ. ನನಗೆ ಅಲ್ಲಿ ಅಡ್ಡಹೆಸರೇ ಪಾಸಪ್ಪ ಅಂತಿತ್ತು.'

ಮತ್ತೆ ಫೋಟೋ. ಆಮೇಲೆ: 'ನಿಮ್ಮ ಫೋನ್ ನಂಬರ್ ಕೊಡಿ. ನಾಲ್ಕಕ್ಕೆ ಮಾಡುತ್ತೇನೆ.'

ಭಾವಮೈದನಿಗೆ ಸುದ್ದಿ ಮುಟ್ಟಿದಾಗ ಅವನು ಫೋನಿನಲ್ಲೇ ಶಿಳ್ಳೆ ಹೊಡೆದ. "ಒಂದೇ ದಿನದಲ್ಲಿ ಕಾಲ್? ಭಾವ, ನಾನು ಆರು ವರ್ಷದಿಂದ ಈ ಧಂದೆಯಲ್ಲಿದೀನಿ, ಇಂಥದ್ದು ನೋಡಿಲ್ಲ. ಏನ್ ಬರೆದೆ?"

"ನೀನು ಹೇಳಿದ್ದೇ. ಜೊತೆಗೆ ಸ್ವಲ್ಪ ನನ್ನದು."

"ಅದೇ ಬೇಕಾಗಿದ್ದು!"

ನಾಲ್ಕು ಗಂಟೆಗೆ ಪಾಸಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫೋನಿನ ಮುಂದೆ ಕೂತಿದ್ದ. ಬರೀ ದನಿಯ ಕರೆಗೆ ಅಂಗಿ ಯಾಕೆ ಎಂದು ಕೇಳುವವಳು ಆಸ್ಪತ್ರೆಗೆ ಹೋಗಿದ್ದಳು. ಫೋನು ಸರಿಯಾಗಿ ನಾಲ್ಕಕ್ಕೇ ಬಡಿದುಕೊಂಡಿತು.

"ನಮಸ್ಕಾರ ಮೇಡಂ!"

"ಮೇಡಂ ಎಲ್ಲ ಬೇಡ. ಲ್ಯಾಬಲ್ಲಿ ಏನಂತ ಕರೀತಿದ್ರಿ, ಹಾಗೇ ಕರೀರಿ." ದನಿ ಬಿಸಿಯೂ ಇರಲಿಲ್ಲ, ತಣ್ಣಗೂ ಇರಲಿಲ್ಲ. "ನಿಮ್ಮ ನೆನಪಿದೆ ನನಗೆ. ಪಿಪೆಟ್ ಒಡೆದು ಕಿಟಕಿ ಹೊರಗೆ ಎಸೆದಿದ್ರಿ."

"ಅದು... ಹೌದು ಅಕ್ಕ," ಎಂದು ನಕ್ಕ.

ಆಕೆ ನಗಲಿಲ್ಲ. "ಮೇಷ್ಟ್ರ ಹೆಸರು ಬರೆದಿದೀರಿ. ಅವರು ಸೊನ್ನೆ ಯಾರಿಗೆ ಕೊಡ್ತಿದ್ರು, ನೆನಪಿದೆಯಾ?"

ಪಾಸಪ್ಪನಿಗೆ ನೆನಪಿತ್ತು. ಯಾರಿಗೆ ಮರೆಯುತ್ತದೆ? ಬ್ಯೂರೆಟ್ಟಿನ ಅಳತೆಯನ್ನು ಮೂರು ಸಲ ತೆಗೆಯಬೇಕು. ಮೂರೂ ಸಲ ಕೊನೆಯ ದಶಾಂಶದವರೆಗೆ ಒಂದೇ ಅಂಕಿ ಬರೆದು ತಂದವರ ಪುಸ್ತಕವನ್ನು ಮೇಷ್ಟ್ರು ಮುಚ್ಚಿ ಕೈಗೆ ಕೊಡುತ್ತಿದ್ದರು. ತಪ್ಪು ಬಂದವರಿಗೆ ಐದು ಅಂಕ, ಎಲ್ಲವೂ ಸರಿಬಂದವರಿಗೆ ಸೊನ್ನೆ. 'ನೀನು ಅಳೆದಿಲ್ಲ. ಬರೆದಿದೀಯ,' ಎನ್ನುತ್ತಿದ್ದರು, ಅಷ್ಟೇ.

ಇಸ್ತ್ರಿ ಅಂಗಿಯ ಒಳಗೆ ಬೆನ್ನಿನ ಗುಂಟ ಒಂದು ಹನಿ ಇಳಿಯಿತು.

"ನನ್ನ ಲ್ಯಾಬಲ್ಲಿ ಹೋದ ತಿಂಗಳು ಒಂಬತ್ತು ಫೇಲ್," ಎಂದಳು ಆಕೆ. "ನಮ್ಮ ಯಂತ್ರಗಳು ನಿಮ್ಮದಕ್ಕಿಂತ ಹೊಸವು, ನಮ್ಮ ಜನ ದಡ್ಡರಲ್ಲ. ಆದರೂ ಒಂಬತ್ತು. ಯಾಕಂದ್ರೆ ಮಾಡೋ ಕಡೆ ತಪ್ಪಾಗತ್ತೆ, ಪರೀಕ್ಷೆ ಮಾಡೋ ಕಡೇನೂ ತಪ್ಪಾಗತ್ತೆ. ಅದಕ್ಕೇ ಲ್ಯಾಬ್ ಇರೋದು. ಮೂರು ಸಾವಿರದಲ್ಲಿ ಒಂದೂ ಇಲ್ಲ ಅಂದ್ರೆ, ಹೇಳಿ ನೋಡೋಣ, ನಾನೇನು ಅಂದ್ಕೋಬೇಕು?"

"ಅಕ್ಕ, ಅದು ಸುಮ್ನೆ... ಒಂದು ಮಾತಿಗೆ ಬರೆದಿದ್ದು..."

"ಎರಡು ಸಲ ಬರೆದಿದೀರಿ. ಮೊದಲನೇ ಸಲ ನಾನೂ ಮಾತಿಗೆ ಅಂತಲೇ ಅಂದ್ಕೊಂಡೆ. ಅದಕ್ಕೇ ಕೇಳಿದ್ದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ಕೇಳಿದ್ದೀರಿ. ಇವನು ಕುಂಬಳಕಾಯಿಯನ್ನೇ ತಲೆಯ ಮೇಲಿಟ್ಟುಕೊಂಡು, ತೂಕ ಸಮೇತ ಬೆಲೆ ಕೂಗುತ್ತ, ಪೊಲೀಸ್ ಠಾಣೆಯೊಳಗೆ ನಡೆದಿದ್ದ. ಜಗತ್ತಿನ ಯಾವ ಕಚೇರಿಗೆ ಬರೆದಿದ್ದರೂ ಮೆಚ್ಚಿಕೊಳ್ಳುತ್ತಿದ್ದ ಸಾಲು ಅದು, ಔಷಧ ಪರೀಕ್ಷಿಸುವವರನ್ನು ಬಿಟ್ಟು. ಅದನ್ನು ಅವನು ಔಷಧ ಪರೀಕ್ಷಿಸುವವಳಿಗೇ ಬರೆದಿದ್ದ.

"ಒಂದು ಕೆಲಸ ಮಾಡಿ," ಎಂದಳು. "ನಿಮ್ಮ ಮೇಜಿನ ಮೇಲೆ ಫೇಲ್ ಆದ ಒಂದು ಬ್ಯಾಚಿನ ಬಗ್ಗೆ ಬರೆದು ಕಳಿಸಿ. ಒಂದೇ ಸಾಕು. ಏನು ನೋಡಿದ್ರಿ, ಏನು ಮಾಡಿದ್ರಿ. ಗುರುವಾರದೊಳಗೆ. ಆಮೇಲೆ ನಿಮ್ಮ ಹೆಸರು ಒಳಗೆ ಕೊಡೋ ವಿಚಾರ ನೋಡೋಣ."

ಫೋನು ಇಟ್ಟಳು.

ಬುಧವಾರ ಭಾವಮೈದ ಮನೆಗೇ ಬಂದ. ಎಲ್ಲ ಕೇಳಿ ಮೇಜು ಕುಟ್ಟಿದ. "ಅಯ್ಯೋ ಭಾವ, ಇದು ಸುಲಭ! ಇಂಟರ್‌ವ್ಯೂಲಿ ಎಲ್ರೂ ಕೇಳ್ತಾರೆ, ನಿಮ್ಮ ಒಂದು ಸೋಲಿನ ಬಗ್ಗೆ ಹೇಳಿ ಅಂತ. ಉತ್ತರಾನೂ ಒಂದೇ. ಒಂದು ಸಣ್ಣ ಸೋಲು ಹೇಳೋದು, ಅದರಿಂದ ದೊಡ್ಡ ಪಾಠ ಕಲಿತೆ ಅನ್ನೋದು. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಯಾವುದಾದ್ರೂ ನಿರುಪದ್ರವಿ ಮಾತ್ರೆ ಇಲ್ವಾ?"

"ವಿಟಮಿನ್ ಮಾತ್ರೆ ಇತ್ತು. ಬಣ್ಣ ಸ್ವಲ್ಪ ಮಾಸಿತ್ತು."

"ಅದನ್ನೇ ಬರಿ. ಬಣ್ಣ ಮಾಸಿತ್ತು, ನಾನು ತಡೆದೆ, ಮೇಲಿನೋರು ಬೈದ್ರು, ಆದ್ರೂ ಬಗ್ಗಲಿಲ್ಲ. ಓದಿದ್ರೆ ಅವಳ ಕಣ್ಣಲ್ಲಿ ನೀರು ಬರಬೇಕು."

ಗುರುವಾರ ಬೆಳಿಗ್ಗೆ ಪಾಸಪ್ಪ ಅದೇ ಅಡುಗೆಮನೆಯ ಮೇಜಿಗೆ ಕೂತು ವಿಟಮಿನ್ನಿನ ಕಥೆ ಬರೆದ. ಅವನ ಕೈಗೆ ಅಂಥದ್ದು ನೀರು ಕುಡಿದಷ್ಟು ಸಲೀಸು. ಮಾಲೀಕನೇ ಎದುರಿಗೆ ಬಂದು ನಿಂತ, ಇವನು ಎದೆಯುಬ್ಬಿಸಿದ, ಲಾರಿ ಖಾಲಿ ವಾಪಸು ಹೋಯಿತು; ಇನ್ನೆರಡು ಸಾಲು ಬಿಟ್ಟಿದ್ದರೆ ಕಾರ್ಖಾನೆಯ ಕಾರ್ಮಿಕರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಕಥೆಗೆ ಒಂದು ಬ್ಯಾಚ್ ನಂಬರ್ ಇದ್ದರೆ ನಂಬಿಕೆ ಹುಟ್ಟುತ್ತದೆ ಎನ್ನಿಸಿತು. 'ಬ್ಯಾಚ್ ನಂಬರ್' ಎಂದು ಕುಟ್ಟಿದ. ಮುಂದೆ ಬೆರಳುಗಳು ತಾವಾಗಿ ಎರಡು ಅಕ್ಷರ, ಐದು ಅಂಕಿ ಒತ್ತಿದವು.

ಅದು ವಿಟಮಿನ್ನಿನ ನಂಬರಲ್ಲ. ಮೂರು ಸಾವಿರ ಬ್ಯಾಚುಗಳಲ್ಲಿ ಅವನಿಗೆ ಬಾಯಿಪಾಠವಾಗಿದ್ದದ್ದು ಆ ಒಂದೇ ನಂಬರ್.

ಅದು ಫಿಟ್ಸ್ ಬರುವವರ ಮಾತ್ರೆಯದು. ಎರಡೂವರೆ ವರ್ಷದ ಹಿಂದಿನ ಮಾತು. ಮಾತ್ರೆಯನ್ನು ಪುಡಿ ಮಾಡಿ, ತೂಗಿ, ಕರಗಿಸಿ, ಯಂತ್ರಕ್ಕೆ ಬಿಟ್ಟರೆ ಒಳಗೆ ಔಷಧ ನೂರಕ್ಕೆ ಎಷ್ಟಿದೆ ಎಂದು ಬರುತ್ತದೆ. ಕನಿಷ್ಠ ತೊಂಬತ್ತೆರಡು ಇರಬೇಕು. ಎಂಬತ್ತೊಂದು ಬಂತು. ಹೊಸದಾಗಿ ಪುಡಿ ಮಾಡಿದ, ಎಂಬತ್ತೆರಡು. ಬೆನ್ನ ಹಿಂದೆ ಮ್ಯಾನೇಜರ್ ಬಂದು ನಿಂತು, "ಪಾಸಪ್ಪಾ, ಲಾರಿ ನಿಂತಿದೆ ಕಣಯ್ಯ," ಎಂದ, ಮಗುವನ್ನು ಮುದ್ದಿಸುವ ದನಿಯಲ್ಲಿ. ಅವನು ಬೇರೇನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ತಕ್ಕಡಿ ಎಷ್ಟು ತೂಗಿತೆಂದು ಚೀಟಿ ಮುದ್ರಿಸಿ ಕೊಡುತ್ತದೆ. ಚೀಟಿ ಹೊರಬಂದ ಮೇಲೆ ಇನ್ನೊಂದು ಚಿಟಿಕೆ ಪುಡಿಯನ್ನು ಪಾತ್ರೆಗೆ ತಟ್ಟಿಬಿಟ್ಟರೆ ಯಾವ ಯಂತ್ರಕ್ಕೂ ಗೊತ್ತಾಗುವುದಿಲ್ಲ. ಕಾಗದದಲ್ಲಿ ತೂಕ ಅಷ್ಟೇ, ಪಾತ್ರೆಯಲ್ಲಿ ಔಷಧ ಜಾಸ್ತಿ. ತೊಂಬತ್ತೆಂಟು ಬಿಂದು ಆರು ಬಂತು. ಲಾರಿ ಹೊರಟಿತು. ಹಿಂದಿನ ಎರಡು ಅಂಕಿಗಳು ಯಾವ ಪುಸ್ತಕಕ್ಕೂ ಹತ್ತಲಿಲ್ಲ.

ಅಷ್ಟೇ ಆಗಿದ್ದರೆ ಅದೂ ಉಳಿದವುಗಳ ಜೊತೆ ಮರೆತುಹೋಗುತ್ತಿತ್ತು. ಚಿಟಿಕೆ ಅದೊಂದೇ ಅಲ್ಲವಲ್ಲ. ಆದರೆ ಆರು ತಿಂಗಳ ಮೇಲೆ ಒಂದು ಪತ್ರ ಬಂತು. ಯಾರೋ ತಾಯಿ ಕೈಯಲ್ಲಿ ಬರೆದದ್ದು. ಮಗಳಿಗೆ ವರ್ಷಕ್ಕೊಮ್ಮೆ ಬರುತ್ತಿದ್ದ ಫಿಟ್ಸ್ ಈ ಮಾತ್ರೆಯ ಪಟ್ಟಿ ಶುರುಮಾಡಿದ ಮೇಲೆ ದಿನಕ್ಕೆ ಎರಡು ಸಲ ಬರುತ್ತಿದೆ, ಮಾತ್ರೆ ಸರಿಯಿದೆಯೇ ನೋಡಿ ಎಂದು. ಪಟ್ಟಿಯ ಮೇಲಿದ್ದ ಆ ಎರಡು ಅಕ್ಷರ, ಐದು ಅಂಕಿಗಳನ್ನು ಅವಳು ದೊಡ್ಡದಾಗಿ, ಒಂದೊಂದಾಗಿ, ತಪ್ಪಾಗಬಾರದೆಂದು ಬಿಡಿಸಿ ಬರೆದಿದ್ದಳು. ಲ್ಯಾಬಿನಲ್ಲಿ ಪ್ರತಿ ಬ್ಯಾಚಿನದೂ ಸ್ವಲ್ಪ ಮಾತ್ರೆ ಎತ್ತಿಟ್ಟಿರುತ್ತಾರೆ. ದೂರು ಬಂದರೆ ಅದನ್ನು ಪರೀಕ್ಷಿಸಬೇಕು. ಅದು ಪಾಸಪ್ಪನ ಮೇಜಿಗೇ ಬಂತು. ಎಂಬತ್ತೆರಡು. ಚೀಟಿ ಹೊರಬಂತು, ಚಿಟಿಕೆ ಬಿತ್ತು. ತೊಂಬತ್ತೆಂಟು. 'ಮಾತ್ರೆಯಲ್ಲಿ ಯಾವ ದೋಷವೂ ಇಲ್ಲ, ವೈದ್ಯರನ್ನು ಕಾಣಿರಿ' ಎಂದು ಕಚೇರಿಯಿಂದ ತಾಯಿಗೆ ಉತ್ತರ ಹೋಯಿತು. ಕೆಳಗೆ ಪರೀಕ್ಷಿಸಿದವರ ಸಹಿ ಅವನದೇ.

ಪಾಸಪ್ಪ ವಿಟಮಿನ್ನಿನ ಕಥೆಯನ್ನು ಪೂರ್ತಿ ಅಳಿಸಿದ. ಅಳಿಸಿದ್ದು ಯಾಕೆಂದು ಅವನಿಗೇ ಸರಿಯಾಗಿ ತಿಳಿಯದು. ಪಶ್ಚಾತ್ತಾಪ ಅರ್ಧ ಇದ್ದರೆ, ನಿಜ ಹೇಳಿದರೆ ಆಕೆ ಮೆಚ್ಚಿ ಕೆಲಸ ಕೊಟ್ಟಾಳು ಎಂಬ ಆಸೆ ಇನ್ನರ್ಧ. ಯಾವುದು ಎಷ್ಟೆಂದು ಅಳೆಯುವ ತಕ್ಕಡಿ ಅವನ ಬಳಿ ಇರಲಿಲ್ಲ. ಬರೆದ. ಎಂಬತ್ತೊಂದು, ಎಂಬತ್ತೆರಡು, ಚೀಟಿ, ಚಿಟಿಕೆ, ಪತ್ರ, ಸಹಿ. ಜೀವನದಲ್ಲಿ ಮೊದಲ ಬಾರಿಗೆ ಒಂದು ಅಂಕಿಯನ್ನೂ ಹಿಗ್ಗಿಸದೆ ಬರೆದ. ಬ್ಯಾಚ್ ನಂಬರ್ ಮಾತ್ರ ತೆಗೆದುಹಾಕಿ, ಹತ್ತು ಮುಕ್ಕಾಲಿಗೆ ಕಳಿಸಿದ.

ಫೋಟೋ ಮೂಡಿತು. ಈ ಸಲ ಉತ್ತರಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

'ಬ್ಯಾಚ್ ನಂಬರ್? ಎಕ್ಸ್‌ಪೈರಿ ಯಾವಾಗ?'

ಆಸ್ಪತ್ರೆಗೆ ಹೊರಡಲು ಜಡೆ ಹೆಣೆಯುತ್ತಿದ್ದ ಹೆಂಡತಿ ಹಿಂದೆ ಬಂದು ನಿಂತದ್ದು ಅವನಿಗೆ ಗೊತ್ತಾಗಲಿಲ್ಲ. ಅವಳು ಮೇಲಿನಿಂದ ಕೆಳಗಿನವರೆಗೆ ಓದಿದಳು. ಜಡೆ ಅರ್ಧಕ್ಕೇ ನಿಂತಿತು.

"ಇದನ್ನ ಕಳಿಸಿಬಿಟ್ರಾ?"

"ಹೂಂ."

"ಯಾರಿಗಾದ್ರೂ ತಲೆ ಕೆಟ್ಟಿದ್ರೂ ಇಂಥದ್ದನ್ನ ಬರೆದು ಕೊಡ್ತಾರೇನ್ರೀ? ಕೆಲಸ ಕೇಳೋಕೆ ಹೋಗಿ ಕೈಗೆ ಬೇಡಿ ಕೇಳ್ಕೊಂಡು ಬರ್ತಿದೀರಲ್ಲ! ಅಳಿಸಿ ಮೊದಲು. ಒಂದು ಗಂಟೆ ಒಳಗೆ ಅಳಿಸಬಹುದು ಅಂತ ನನ್ನ ತಮ್ಮ ಹೇಳ್ತಿದ್ದ."

"ಓದಿಯಾಯ್ತು ಅವಳು. ಇಮೇಲಿಗೂ ಹೋಗಿರತ್ತೆ."

"ಹೋಗ್ಲಿ. ಅಳಿಸಿ. ನಂಬರ್ ಕೊಟ್ಟಿಲ್ಲ ತಾನೆ? ನಂಬರ್ ಇಲ್ದೆ ಏನೂ ಮಾಡೋಕಾಗಲ್ಲ. ಸುಮ್ನೆ ಮಾತಿಗೆ ಬರೆದೆ ಅಂದ್ರಾಯ್ತು."

ಅವಳು ಹೇಳಿದ್ದು ಸರಿಯಾಗಿತ್ತು. ನಂಬರಿಲ್ಲದೆ ಅದೊಂದು ಕಥೆ. ಮುಚ್ಚಿದ ಕಾರ್ಖಾನೆ, ಚದುರಿಹೋದ ಜನ, ಎಲ್ಲಿದ್ದಾನೋ ಗೊತ್ತಿಲ್ಲದ ಮ್ಯಾನೇಜರ್. ಪಾಸಪ್ಪ ಆ ಮೆಸೇಜಿನ ಪಕ್ಕದ ಮೂರು ಚುಕ್ಕಿ ಒತ್ತಿದ. 'ಅಳಿಸು' ಎಂಬುದು ಬಂತು. ಬೆರಳು ಅದರ ಮೇಲೆ ನಿಂತಿತು.

"ರೀ," ಎಂದಳು ಹೆಂಡತಿ. ದನಿ ಬದಲಾಗಿತ್ತು. "ಎಕ್ಸ್‌ಪೈರಿ ಯಾಕೆ ಕೇಳ್ತಿದಾಳೆ?"

"ಮೂರು ವರ್ಷದ್ದು. ಇನ್ನೂ ಐದು ತಿಂಗಳಿದೆ."

"ಅಂದ್ರೆ ಅಂಗಡೀಲಿ ಇನ್ನೂ ಇರತ್ತಾ?"

"ಇರಬಹುದು. ಸಣ್ಣ ಊರುಗಳಲ್ಲಿ. ನಿಧಾನಕ್ಕೆ ಖರ್ಚಾಗೋ ಕಡೆ."

ಅವಳು ಜಡೆಯ ಉಳಿದರ್ಧವನ್ನು ಹೆಣೆದಳು, ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಅಳಿಸಿ ಎಂದು ಮತ್ತೆ ಹೇಳುತ್ತಾಳೇನೋ ಎಂದು ಪಾಸಪ್ಪ ಕಾದ. ಹೇಳಿದ್ದರೆ ಅಳಿಸುತ್ತಿದ್ದ. ಅವಳು ಬಾಗಿಲು ಎಳೆದುಕೊಂಡು ಹೋದಳು.

ಅವನು ಎರಡು ಅಕ್ಷರ, ಐದು ಅಂಕಿ, ತಿಂಗಳು, ವರ್ಷ ಬರೆದ. ಕಳಿಸಿದ.

ಈ ಸಲ ಉತ್ತರ ತಡವಾಯಿತು. ಬಂದಾಗ ಅದು ನಾಲ್ಕು ತುಂಡಾಗಿ ಬಂತು, ಒಂದರ ಹಿಂದೆ ಒಂದು.

'ಸಿಕ್ಕಿತು. ಇವತ್ತೇ ಔಷಧ ನಿಯಂತ್ರಣ ಇಲಾಖೆಗೆ ತಿಳಿಸುತ್ತೇನೆ. ಗೊತ್ತಾದ ಮೇಲೆ ತಿಳಿಸದೆ ಇರಲು ನನಗೆ ಆಗುವುದಿಲ್ಲ.'

'ನಿಮ್ಮನ್ನು ಕರೆಸುತ್ತಾರೆ. ಇಲ್ಲಿ ಬರೆದದ್ದನ್ನೇ ಅಲ್ಲೂ ಹೇಳಿ. ವಕೀಲರನ್ನು ಮೊದಲು ನೋಡಿ.'

'ನಿಮ್ಮ ಹೆಸರನ್ನು ಒಳಗೆ ಕೊಡಲಾರೆ. ನಿಜ ಬರೆದಿರಿ, ಅದಕ್ಕೆ ಗೌರವ ಇದೆ. ಆದರೂ ನನ್ನ ಲ್ಯಾಬಿನ ತಕ್ಕಡಿಯ ಮುಂದೆ ನಿಮ್ಮನ್ನು ನಿಲ್ಲಿಸಲಾರೆ. ಕ್ಷಮಿಸಿ.'

ಪಾಸಪ್ಪ ಮೂರನೆಯದನ್ನು ಮೂರು ಸಲ ಓದಿದ. ಅರವತ್ತೆರಡು ಕಂಪನಿಗಳ ನಂತರ ಅವನಿಗೆ ಮೊದಲ ಬಾರಿಗೆ ಒಬ್ಬರು ಕಾರಣ ಕೊಟ್ಟು ಬೇಡ ಎಂದಿದ್ದರು. ಅಷ್ಟರಲ್ಲಿ ನಾಲ್ಕನೆಯದು ಬಂತು.

'ಆ ತಾಯಿಯ ಹೆಸರು, ಊರು ಏನು? ಆ ಮಗುವನ್ನು ಮೊದಲು ಹುಡುಕಬೇಕು. ಈಗಲೂ ಅದೇ ಮಾತ್ರೆ ಕೊಡುತ್ತಿರಬಹುದು. ಸರಿಯಿದೆ ಎಂದು ನಾವೇ ಅವರಿಗೆ ಬರೆದಿದ್ದೇವಲ್ಲ.'

'ನಾವೇ' ಎಂದು ಬರೆದಿದ್ದಳು. ಆಕೆಯ ಕಂಪನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಪಾಸಪ್ಪ ಕಣ್ಣು ಮುಚ್ಚಿದ. ಪತ್ರ ಕಣ್ಣ ಮುಂದೆ ಬಂತು. ಗೆರೆ ಎಳೆದ ಹಾಳೆ. ಹಾಳೆಯನ್ನು ನೋಟ್‌ಬುಕ್ಕಿನಿಂದ ಹರಿದ ಅಂಚು. ನೀಲಿ ಶಾಯಿ. ದೊಡ್ಡದಾಗಿ ಬಿಡಿಸಿ ಬರೆದ ಎರಡು ಅಕ್ಷರ, ಐದು ಅಂಕಿ. ಅದರ ಕೆಳಗಿನ ಸಾಲು, ಅದರ ಕೆಳಗಿನ ಸಾಲು. ಹಾಳೆಯ ತಲೆಯಲ್ಲಿ ಬಲಕ್ಕೆ ವಿಳಾಸವಿತ್ತು. ನಾಲ್ಕು ಸಾಲು ಇತ್ತು. ನಾಲ್ಕು ಸಾಲು ಇತ್ತು ಎಂಬುದು ಖಂಡಿತ. ಕೊನೆಯಲ್ಲಿ ಸಹಿಯಿತ್ತು, ಓದಲು ಬರುವಂಥ ಸಹಿ.

ಎಂಬತ್ತೆರಡು ಬಿಂದು ಒಂದು ಎಂಬುದು ನೆನಪಿತ್ತು. ತೊಂಬತ್ತೆಂಟು ಬಿಂದು ಎರಡು ಎಂಬುದು ನೆನಪಿತ್ತು. ಆವತ್ತಿನ ತಕ್ಕಡಿಯ ಚೀಟಿಯಲ್ಲಿ ಮುದ್ರಿತವಾದ ಹೊತ್ತು ನೆನಪಿತ್ತು. ಮೇಜಿನ ಮೇಲೆ ಆ ಪತ್ರ ಎರಡು ದಿನ ಇತ್ತು. ಅದರ ಮೇಲೆ ಅವನು ಸೀಸೆಗಳನ್ನು ಇಟ್ಟಿದ್ದ.

ಹೊರಗೆ ಯಾರೋ ಸ್ಕೂಟರ್ ಶುರುಮಾಡಲು ಒದೆಯುತ್ತಿದ್ದರು. ಒದ್ದರು, ಒದ್ದರು, ಸುಮ್ಮನಾದರು. ಪಾಸಪ್ಪ ಒಂದು ಹೆಸರು ಕುಟ್ಟಿ ನೋಡಿದ, ಬಾಯಿಗೆ ಬಂದ ಯಾವುದೋ ಒಂದು ಹೆಸರು. ಅಳಿಸಿದ. ಒಂದು ಊರು ಕುಟ್ಟಿದ. ಅದನ್ನೂ ಅಳಿಸಿದ.

'ನೆನಪಿಲ್ಲ ಅಕ್ಕ. ನಾನು ಹೆಸರು, ವಿಳಾಸ ಓದಲಿಲ್ಲ,' ಎಂದು ಬರೆದು ಕಳಿಸಿದ.

ಅದರ ಕೆಳಗೆ ಆಕೆಯ ಪುಟ್ಟ ಫೋಟೋ ಮೂಡಿತು.